ಕೆಂಪು ಬಾಳೆಗೆ ಹಸಿರು ಕಾಂಡ

ನಾಲ್ಕು ಜನರ ಮುಂದೆ ಬಾಯಿ ತೆರೆಯಲು ನನಗೆ ಈಗಲೂ ಹೆದರಿಕೆ. ಆದರೂ ಕಲಬುರಗಿಯ ಸಲಹಾ ಕೇಂದ್ರದಲ್ಲಿ ರೈತರು ಕಳಿಸುವ ಫೋಟೊ ನೋಡುವ ಕೆಲಸ ಸಿಕ್ಕಿದೆ.

ಇವತ್ತು ಕಮಲಾಪುರದ ಬಂಡಮ್ಮ ತಮ್ಮ ಕೆಂಪು ಬಾಳೆಗೆ ಏನಾಗಿದೆ ಎಂದು ಕೇಳಿದ್ದರು. ಒಂದು ಫೋಟೊದಲ್ಲಿ ಹಳದಿಯಾದ ಹಳೆಯ ಎಲೆಗಳು, ಇನ್ನೊಂದರಲ್ಲಿ ಬುಡದ ಹತ್ತಿರ ಸೀಳಿದ ಕಾಂಡ. ಪಕ್ಕದ ಮೇಜಿನಲ್ಲಿದ್ದ ನಮ್ಮ ಹಿರಿಯ ಸಲಹೆಗಾರ ಅಮರನಾಥ ಸರ್ ಅವರಿಗೆ ಫೋನಿನಲ್ಲಿ, "ಕಾಂಡ ಸೀಳ್ಯಾದ, ಸೊರಗು ರೋಗ ಅದರೀ. ಗಿಡ ಕಿತ್ತು ಸುಡ್ರಿ" ಎಂದರು.

"ನನ್ನ ಸೊಸಿನೂ ಇಷ್ಟು ಲಗೂ ತೀರ್ಪು ಕೊಡಂಗಿಲ್ರೀ" ಎಂದ ಬಂಡಮ್ಮನ ದನಿ ಕುಗ್ಗಿತ್ತು.

ನಾನು ಫೋಟೊ ಹಿಗ್ಗಿಸಿದೆ. ಎಲೆಯ ಹಳದಿಯೊಳಗೆ ಉದ್ದುದ್ದ ಕಂದು ಚುಕ್ಕೆಗಳು, ಪ್ರತಿ ಚುಕ್ಕೆಯ ಮಧ್ಯಭಾಗ ಬೂದಿ ಬಣ್ಣ. ಸೀಳಿದ ಕಾಂಡ ಮಾತ್ರ ಅಚ್ಚ ಹಸಿರು. ಕೆಂಪು ಬಾಳೆಯ ಕಾಂಡ ಕೆಂಪಗಿರುತ್ತದಲ್ಲ! ಇಷ್ಟನ್ನೂ ಚೀಟಿಯಲ್ಲಿ ಬರೆದು ಸರ್ ಮುಂದಿಟ್ಟೆ. ಅವರು ಓದಿ ಬಂಡಮ್ಮನಿಗೆ, "ಕಾಂಡ ನಿಮ್ಮ ತೋಟದ್ದೇನ್ರೀ?" ಎಂದರು.

"ಇಲ್ರೀ, ಅದು ವಾಟ್ಸಾಪ್ ಗ್ರೂಪಿನ್ಯಾಗ ಬಂದಿತ್ತು. ಇದೇ ರೋಗ ಏನಂತ ಕೇಳಾಕ ಕಳಿಸೀನಿ. ನನ್ನ ಗಿಡಗಳ ಬುಡ ಗಟ್ಟಿ ಅದಾವ."

ಸರ್ ನಕ್ಕು ಫೋನನ್ನು ನನ್ನತ್ತ ಸರಿಸಿದರು. "ನೀನೇ ಹೇಳವ್ವ."

ಕೋಣೆಯಲ್ಲಿದ್ದವರೆಲ್ಲ ನನ್ನತ್ತ ತಿರುಗಿದರು. ಆದರೂ ಇಡೀ ಕೋಣೆಗೆ ಕೇಳುವಂತೆ ಹೇಳಿದೆ: "ಗಿಡ ಕೀಳಬ್ಯಾಡ್ರೀ, ಅಮ್ಮಾ. ಅದು ಬರೇ ಎಲೆಚುಕ್ಕೆ ರೋಗ."