ಔಟ್ ಇಲ್ಲದ ಆಟ

ನರಹರಿಯ ಷರತ್ತು ಒಂದೇ ಗೆರೆಯದು. ಶನಿವಾರ ರಾತ್ರಿ ಊಟಕ್ಕೆ ಕೂತಾಗ ಮಗಳಿಗೆ ಹೇಳಿಬಿಟ್ಟಿದ್ದ.

"ನಾಳಿ ಪಂದ್ಯದಾಗ ಔಟ್ ಆಗೂ ತನಕ ಆಡು. ಔಟ್ ಆದಿ ಅಂದ್ರ ಚೆಸ್ ಬೋರ್ಡು ಅಟ್ಟದ ಮ್ಯಾಲೆ. ಹತ್ತನೇ ಕ್ಲಾಸಿನ ಪರೀಕ್ಷೆ ಮುಗಿಯೂ ತನಕ ಇಳಸಂಗಿಲ್ಲ."

ಒಂಬತ್ತನೇ ತರಗತಿಯ ಸುಭದ್ರಾಗೆ ಅರ್ಧವಾರ್ಷಿಕ ಪರೀಕ್ಷೆಯ ಗಣಿತದಲ್ಲಿ ಮೂವತ್ತೆಂಟು ಅಂಕ ಬಂದಿತ್ತು. ಮಗಳು ಅಳುತ್ತಾಳೆ, ತಾಯಿ ನಡುವೆ ಬಾಯಿ ಹಾಕುತ್ತಾಳೆ ಎಂದು ನರಹರಿ ಜಗಳಕ್ಕೆ ತಯಾರಾಗಿಯೇ ಕೂತಿದ್ದ. ಆದರೆ ಸುಭದ್ರಾ ಸಾರಿನ ಬಟ್ಟಲು ಮುಂದೆ ಎಳೆದುಕೊಂಡು, "ಔಟ್ ಆದ್ರ ಅಷ್ಟ ಅಲ್ಲೇನಪ್ಪಾ?" ಎಂದಳು. "ಔಟ್ ಆದ್ರ ಅಷ್ಟ," ಎಂದ ಅವನು. ಅಲ್ಲಿಗೆ ಮಾತು ಮುಗಿಯಿತು. ಇಷ್ಟು ಸಲೀಸಾಗಿ ಮುಗಿದದ್ದಕ್ಕೆ ಅವನಿಗೆ ಅನುಮಾನ ಬರಬೇಕಿತ್ತು, ಬರಲಿಲ್ಲ.

ಅವನು ಸರಕಾರಿ ಕಾರ್ಖಾನೆಯೊಂದರಲ್ಲಿ ತಪಾಸಣೆಯ ಕೆಲಸದವನು. ಹದಿನೆಂಟು ವರ್ಷಗಳಿಂದ ಯಂತ್ರದ ಬಿಡಿಭಾಗಗಳಿಗೆ ಅಳತೆಯ ಗೇಜ್ ಹಚ್ಚಿ ನೋಡುತ್ತ ಬಂದಿದ್ದ. ಗೇಜಿಗೆ ಕೂತರೆ ಪಾಸು, ಕೂಡದಿದ್ದರೆ ಕೆಂಪು ಬಣ್ಣದ ಡಬ್ಬಿಗೆ. ಎರಡರ ನಡುವೆ ಮೂರನೆಯದೊಂದು ಇರಬಹುದೆಂದು ಅವನಿಗೆ ಯಾರೂ ಹೇಳಿರಲಿಲ್ಲ. ಕಾರ್ಖಾನೆಯ ಕಬಡ್ಡಿ ಪಂದ್ಯಗಳೂ ಹಾಗೆಯೇ. ಸೋತ ತಂಡ ಚೀಲ ಹೆಗಲಿಗೇರಿಸಿ ಮನೆಗೆ ಹೋಗುತ್ತಿತ್ತು.

ರವಿವಾರ ಬೆಳಿಗ್ಗೆ ಲಿಂಗಂಪಲ್ಲಿಯಲ್ಲಿ ರೈಲು ಹತ್ತಿ, ಸಿಕಂದರಾಬಾದಿನಲ್ಲಿ ಬಸ್ಸು ಹಿಡಿದು, ನಾಚಾರಂನ ಶಾಲೆ ಸೇರುವಾಗ ಒಂಬತ್ತಾಗಿತ್ತು. ಹತ್ತೂವರೆಗೆ ಇವಳು ಸೋತರೆ ಹನ್ನೆರಡೂವರೆಗೆ ಮನೆ, ಬಿಸಿ ಊಟ, ಒಂದು ನಿದ್ದೆ. ಮಗಳ ಸೋಲನ್ನು ನರಹರಿ ಹೀಗೆ ವೇಳಾಪಟ್ಟಿ ಹಾಕಿಕೊಂಡು ಕಾಯುತ್ತಿದ್ದ ಎಂದರೆ ಕೆಟ್ಟವನೆನಿಸೀತು. ಕೆಟ್ಟವನಲ್ಲ, ಹೆದರಿದವನು. ಮಗಳು ಹತ್ತನೇ ತರಗತಿಯಲ್ಲಿ ಕೆಂಪು ಡಬ್ಬಿಗೆ ಬಿದ್ದಾಳೆಂಬ ಹೆದರಿಕೆಯಿಂದ ಅವನು ತಿಂಗಳಿನಿಂದ ಸರಿಯಾಗಿ ಉಂಡಿರಲಿಲ್ಲ.

ಸಭಾಂಗಣದ ಗೋಡೆಗೆ ಮೊದಲ ಸುತ್ತಿನ ಪಟ್ಟಿ ಅಂಟಿಸಿದ್ದರು. ಒಟ್ಟು ನಲವತ್ತೇಳು ಮಕ್ಕಳು. ಸುಭದ್ರಾಳ ಅರ್ಜಿ ಎಲ್ಲರಿಗಿಂತ ಕೊನೆಗೆ ಬಂದದ್ದರಿಂದ ಅವಳ ನಂಬರು ನಲವತ್ತೇಳು. ಅವಳ ಹೆಸರಿನ ಎದುರಿಗೆ ಯಾರ ಹೆಸರೂ ಇರಲಿಲ್ಲ. 'ಬೈ' ಎಂದು ಬರೆದು ಪಕ್ಕದಲ್ಲಿ ಒಂದು ಅಂಕ ಹಾಕಿದ್ದರು.

"ಆಡದನ ಗೆದ್ದಿಯೇನು?" ನರಹರಿ ಕಕ್ಕಾಬಿಕ್ಕಿಯಾದ.

ಹಿಂದಿನಿಂದ ಯಾರೋ ನಕ್ಕರು. "ಜೋಡಿ ಮಾಡಿದ್ರ ಒಬ್ರು ಉಳೀತಾರಲ್ರಿ. ಉಳದವರಿಗೆ ಒಂದು ಅಂಕ ಕೊಟ್ಟು ಕೂಡಸ್ತೀವಿ. ಒಬ್ಬರಿಗೆ ಒಂದ ಸಲ ಮಾತ್ರ, ಎರಡನೇ ಸಲ ಇಲ್ಲ." ಪಂದ್ಯ ನಡೆಸುತ್ತಿದ್ದ ಗಣಿತದ ಪ್ರಹ್ಲಾದ ಮಾಸ್ತರರು. ಕಲಬುರ್ಗಿ ಕಡೆಯವರು. ಕನ್ನಡ ಕಿವಿಗೆ ಬಿದ್ದದ್ದೇ ತಡ, ಅಷ್ಟು ಹೊತ್ತಿನ ತೆಲುಗು ಹಿಂದಿಗಳನ್ನು ಅಲ್ಲೇ ಬಿಟ್ಟು ಬಂದಿದ್ದರು.

ಒಂದು ತಾಸು ಸುಮ್ಮನೆ ಕೂತದ್ದಾಯಿತು. ಎರಡನೇ ಸುತ್ತಿನಲ್ಲಿ ಸುಭದ್ರಾಳ ಎದುರು ಮೀಸೆ ಚಿಗುರುತ್ತಿದ್ದ ಎತ್ತರದ ಹುಡುಗನೊಬ್ಬ ಬಂದು ಕೂತ. ಇಷ್ಟು ಸಣ್ಣವಳಿಗೆ ಇಷ್ಟು ದೊಡ್ಡವನೇ ಎಂದು ನರಹರಿ ಮಾಸ್ತರರ ಮೇಜಿಗೆ ಹೋದ.

"ಆಕಿ ಹತ್ರ ಒಂದು ಅಂಕ ಐತಲ್ರಿ. ಒಂದು ಅಂಕ ಇದ್ದವರು ಒಂದು ಅಂಕ ಇದ್ದವರ ಜೋಡಿ, ಸೊನ್ನೆ ಇದ್ದವರು ಸೊನ್ನೆಯವರ ಜೋಡಿ."

"ಆಡದ ಬಂದ ಅಂಕಾನೂ ಅಂಕನ ಏನ್ರಿ?"

"ಅಂಕ ಅಂದ್ರ ಅಂಕ."

ಇಪ್ಪತ್ತೈದು ನಿಮಿಷಕ್ಕೆ ಸುಭದ್ರಾ ಸೋತಳು. ನರಹರಿ ಎದ್ದು ಡಬ್ಬಿ, ನೀರಿನ ಬಾಟಲಿ ಎಲ್ಲ ಚೀಲಕ್ಕೆ ಹಾಕಿದ. ತನಗೆ ಖುಷಿಯಾಗಬೇಕಿತ್ತು, ಮಗಳ ಸಪ್ಪಗಾದ ಮುಖ ಕಂಡು ಅದೂ ಆಗಲಿಲ್ಲ.

"ನಡಿ. ಔಟ್ ಆದಿ."

"ಇನ್ನೂ ಇಲ್ಲಪ್ಪಾ." ಅವಳು ಗೋಡೆಯ ಕಡೆ ಕೈ ಮಾಡಿದಳು. ಮೂರನೇ ಸುತ್ತಿನ ಪಟ್ಟಿ ಅಂಟಿಸುತ್ತಿದ್ದರು, ನಲವತ್ತೇಳರ ಹೆಸರು ಅದರಲ್ಲಿಯೂ ಇತ್ತು. ಅದಷ್ಟೇ ಅಲ್ಲ, ನಲವತ್ತೇಳು ಮಕ್ಕಳ ಹೆಸರೂ ಇದ್ದವು. ಬೆಳಿಗ್ಗೆಯಿಂದ ಎರಡು ಆಟ ಸೋತ ಮಕ್ಕಳು ಬಿಸ್ಕಿಟು ತಿನ್ನುತ್ತ ಮತ್ತೆ ಬೋರ್ಡಿಗೆ ಹೋಗುತ್ತಿದ್ದರು. ಬೈ ಸಿಕ್ಕ ಒಬ್ಬ ಪುಟ್ಟ ಹುಡುಗ, ತನಗೆ ಅಂಕ ಬೇಡ ಆಟ ಬೇಕು ಎಂದು ಹಟ ಹಿಡಿದು ಅಳುತ್ತಿದ್ದ. ಇದೆಂಥ ಪಂದ್ಯ, ಸೋತವರನ್ನು ಕಳಿಸುವುದೇ ಇಲ್ಲವಲ್ಲ ಎಂದು ನರಹರಿಗೆ ತಲೆಬುಡ ತಿಳಿಯದಾಯಿತು.

ಮೂರನೆಯದರಲ್ಲಿಯೂ ಅವಳು ಸೋತಳು. ಅವನು ಚೀಲ ಎತ್ತಿದ, ಮತ್ತೆ ಇಳಿಸಿದ. ಮನೆಯಿಂದ ತಂದ ಚಪಾತಿ ಪಲ್ಯವನ್ನು ಹುಣಸೆ ಮರದ ಕೆಳಗೆ ಇಬ್ಬರೂ ತಿಂದರು. ನಾಲ್ಕನೆಯದರಲ್ಲಿ ಅವಳಷ್ಟೇ ಅಂಕದ, ಎರಡು ಜಡೆಯ ಹುಡುಗಿಯೊಬ್ಬಳು ಎದುರಾದಳು, ಸುಭದ್ರಾ ಗೆದ್ದಳು. ಪಕ್ಕದಲ್ಲಿ ಕೂತಿದ್ದ ತೆಲುಗು ತಾಯಿಯೊಬ್ಬಳು "ಮೀ ಅಮ್ಮಾಯಿ ಗೆಲಿಚಿಂದಾ?" ಎಂದು ಮಗಳ ಗೆಲುವನ್ನು ವಿಚಾರಿಸಿದಾಗ ನರಹರಿ ತಲೆಯಾಡಿಸಿ "ಅವುನಂಡಿ" ಎಂದ. ಹೇಳುವಾಗ ದನಿ ಏರಿದ್ದು ಅವನಿಗೇ ಕೇಳಿಸಿ ನಾಚಿಕೆಯಾಯಿತು. ಐದನೆಯದರಲ್ಲಿ ಅವಳು ಮತ್ತೆ ಸೋತಳು.

ಮೂರು ಸೋಲು. ಮಾತು ಅಂದರೆ ಮಾತು. ಮಾಸ್ತರರು ಔಟ್ ಮಾಡದಿದ್ದರೆ ತಾನೇ ಹೋಗಿ ಮಾಡಿಸಬೇಕು ಎಂದು ನಿಶ್ಚಯಿಸಿ ನರಹರಿ ಅವರ ಕೋಣೆಗೆ ನಡೆದ.

ಪ್ರಹ್ಲಾದ ಮಾಸ್ತರರು ಅಂಗೈಯಗಲದ ಕಾರ್ಡುಗಳನ್ನು ಅಂಕದ ಪ್ರಕಾರ ಗುಡ್ಡೆ ಗುಡ್ಡೆ ಮಾಡಿಕೊಂಡಿದ್ದರು. ಒಬ್ಬೊಬ್ಬ ಮಗುವಿಗೆ ಒಂದು ಕಾರ್ಡು. ಒಂದೊಂದು ಗುಡ್ಡೆಯನ್ನೂ ಮೇಲರ್ಧ ಕೆಳಗರ್ಧ ಎಂದು ಒಡೆದು ಅಕ್ಕಪಕ್ಕ ಇಡುತ್ತಿದ್ದರು. ಒಮ್ಮೆ ಆಡಿದವರೇ ಮತ್ತೆ ಎದುರಾದರೆ ಅದಲು ಬದಲು ಮಾಡುತ್ತಿದ್ದರು. ಯಾರಿಗೆ ಬಿಳಿ ಹೆಚ್ಚಾಗಿದೆ, ಯಾರಿಗೆ ಕಪ್ಪು ಎಂದು ನೋಡಿ ಸರಿಪಡಿಸುತ್ತಿದ್ದರು. ಬೆವರು ಮೂಗಿನ ತುದಿಗೆ ಬಂದಿತ್ತು.

"ಮಾಸ್ತರ್ರ, ನನ್ನ ಮಗಳನ್ನ ಔಟ್ ಮಾಡ್ರಿ. ಮೂರು ಸೋತಾಳ."

"ಔಟ್ ಮಾಡೂದು ನನ್ನ ಕೈಯಾಗ ಇಲ್ರಿ," ಎಂದರು ಮಾಸ್ತರರು ತಲೆಯೆತ್ತದೆ. "ಕಬಡ್ಡಿಗತೆ ಮಾಡಿದ್ರ ಅರ್ಧಾ ಮಕ್ಕಳು ಮೊದಲ್ನೇ ತಾಸಿಗೇ ಮನಿಗೆ ಹೋಗ್ತಾರ. ಬಸ್ಸಿನ್ಯಾಗ ಅಷ್ಟು ದೂರಿಂದ ಬಂದು ಒಂದ ಆಟ ಆಡಿ ಹೋಗೂದಾ? ಇಲ್ಲಿ ಎಲ್ಲಾರೂ ಆರೂ ಸುತ್ತು ಇರ್ತಾರ. ಗೆದ್ದವರು ಗೆದ್ದವರ ಜೋಡಿ ಬಡದಾಡಿ ಮ್ಯಾಲೆ ಒಬ್ಬ ಉಳೀತಾನ. ಕೆಳಗ ಇದ್ದವರಿಗೂ ತಮ್ಮ ಸರಿಸಮಾನದವರು ಸಿಗ್ತಾರ. ಇಲ್ಲಿಂದ ತೆಗೀಬೇಕಂದ್ರ ಒಂದ ದಾರಿ. ಮನ್ಯಾವರ ಬಂದು ಕರ್ಕೊಂಡು ಹೋಗ್ತೀನಿ ಅಂತ ಬರದು ಕೊಡ್ಬೇಕು."

ಅವರು ಎರಡಂಕದ ಗುಡ್ಡೆಯಿಂದ ನಲವತ್ತೇಳನೇ ಕಾರ್ಡು ಹಿರಿದು, ಪೆನ್ನಿನ ಜೊತೆ ಅವನ ಮುಂದಿಟ್ಟರು. "ಲಗೂ ಹೇಳ್ರಿ. ಆಕಿ ಹೋದ್ರ ಜೋಡಿ ಎಲ್ಲಾ ಮತ್ತ ಹಚ್ಚಬೇಕು."

ನರಹರಿ ಪೆನ್ನು ಹಿಡಿದು ಕಾರ್ಡು ನೋಡಿದ. ಕಾಗದ ಓದದೆ ಸಹಿ ಮಾಡುವುದು ತನ್ನ ಜಾಯಮಾನವಲ್ಲ ಎಂದು ಅವನ ನಂಬಿಕೆ. ಮೊದಲ ಸುತ್ತು ಬೈ. ಎರಡನೆಯದು ಹದಿನಾಲ್ಕನೇ ನಂಬರಿನ ಎದುರು, ಕಪ್ಪು ಕಾಯಿ, ಸೊನ್ನೆ. ಕೊನೆಯ ಸಾಲಿನಲ್ಲಿ ಒಟ್ಟು ಅಂಕ: ಒಂದು, ಒಂದು, ಒಂದು, ಎರಡು, ಎರಡು. ಅವನು ಆ ಸಾಲನ್ನು ಎರಡು ಸಲ ಓದಿದ. ಮೂರು ಸಲ ಸೋತಿದ್ದರೂ ಆ ಅಂಕ ಒಮ್ಮೆಯೂ ಕೆಳಗೆ ಇಳಿದಿರಲಿಲ್ಲ.

ತನ್ನ ಮಗಳನ್ನು ಈ ಪಂದ್ಯದಿಂದ ಹೊರಹಾಕಬಲ್ಲವನು ಇಡೀ ಶಾಲೆಯಲ್ಲಿ ತಾನೊಬ್ಬನೇ ಎಂಬುದು ಅವನಿಗೆ ಆಗ ಹೊಳೆಯಿತು. ಕಾರ್ಖಾನೆಯಲ್ಲಿ ದಿನಕ್ಕೆ ನೂರು ತುಂಡು ತೆಗೆದು ಕೆಂಪು ಡಬ್ಬಿಗೆ ಎಸೆಯುವ ಕೈಗೆ ಈ ಅಂಗೈಯಗಲದ ಕಾರ್ಡು ಎತ್ತಲಾಗಲಿಲ್ಲ. ಪೆನ್ನನ್ನು ಮೇಜಿನ ಮೇಲಿಟ್ಟು, "ಇರ್ಲಿ ಬಿಡ್ರಿ, ಆಡ್ಲಿ," ಎಂದು ಹೊರಬಂದ.

ಆರನೇ ಸುತ್ತಿನಲ್ಲಿ ಸುಭದ್ರಾಗೆ ಮತ್ತೆ ಕಪ್ಪು. ಎಲ್ಲ ಆಟಗಳೂ ಮುಗಿದು, ಜವಾನ ಕುರ್ಚಿ ಪೇರಿಸುತ್ತಿದ್ದರೂ ಅವಳದೊಂದು ಬಾಕಿ ಇತ್ತು. ಎದುರಿನ ಹುಡುಗ ಅವಳ ಆನೆ, ಕುದುರೆ, ಒಂಟೆ, ಪದಾತಿ ಎಲ್ಲವನ್ನೂ ಹೊಡೆದಿದ್ದ. ಮೂಲೆಯಲ್ಲಿ ಕಪ್ಪು ರಾಜ ಒಬ್ಬನೇ. ಗೆಲುವಿನ ಆತುರದಲ್ಲಿ ಹುಡುಗ ತನ್ನ ವಜೀರನನ್ನು ಟಪ್ಪೆಂದು ಹತ್ತಿರ ತಂದಿಟ್ಟ. ಮುಗಿಯಿತು ಎಂದು ನರಹರಿ ಕಣ್ಣು ಮುಚ್ಚಿದ. ಕಣ್ಣು ಬಿಟ್ಟಾಗ ಹುಡುಗ ತಲೆ ಹಿಡಿದುಕೊಂಡಿದ್ದ, ಮಾಸ್ತರರು ಇಬ್ಬರಿಗೂ ಅರ್ಧರ್ಧ ಅಂಕ ಬರೆಯುತ್ತಿದ್ದರು.

"ಎಲ್ಲಾ ಹೋಗೇತಿ, ಅರ್ಧಾ ಅಂಕ ಹೆಂಗ ಬಂತು?"

"ನನ್ನ ರಾಜಗ ಶಹ, ಅಂದ್ರ ಚೆಕ್ ಇಲ್ಲಪ್ಪಾ. ಆದ್ರ ಎಲ್ಲಿಗೂ ನಡಿಯಾಕ ಬರಂಗಿಲ್ಲ. ಹಂಗಾದ್ರ ಡ್ರಾ."

ಆ ದಿನ ಅವನಿಗೆ ಅರ್ಥವಾಗದ ಸಂಗತಿಗಳಲ್ಲಿ ಇದೂ ಒಂದಾಯಿತು. ಕೊನೆಯ ಪಟ್ಟಿಯಲ್ಲಿ ಮಗಳ ಹೆಸರನ್ನು ಅವನು ತಳದಿಂದ ಹುಡುಕುತ್ತ ಮೇಲೆ ಬಂದ. ಎರಡೂವರೆ ಅಂಕ, ಮೂವತ್ತನಾಲ್ಕನೇ ಸ್ಥಾನ. ಕೆಳಗೆ ಹದಿಮೂರು ಹೆಸರುಗಳಿದ್ದವು, ಆ ಹದಿಮೂರೂ ಕೊನೆತನಕ ಆಡಿದ್ದವು.

ಬಸ್ ಸ್ಟಾಪಿನಲ್ಲಿ ಅವನು ಮಗಳ ಕೈಯಿಂದ ಬೋರ್ಡಿನ ಚೀಲ ತೆಗೆದುಕೊಂಡ. ಬೆಳಿಗ್ಗೆ ಅದನ್ನು ಮುಟ್ಟಿಯೂ ಇರಲಿಲ್ಲ.

"ಖರೇ ಹೇಳು. ಇದರಾಗ ಔಟ್ ಇಲ್ಲಂತ ನಿನಗ ಮೊದಲ ಗೊತ್ತಿತ್ತಿಲ್ಲೋ?"

ಸುಭದ್ರಾ ಕಂಪಾಸಿನ ಡಬ್ಬಿ ತೆರೆದು ನಾಲ್ಕು ಮಡಿಕೆಯ ಕಾಗದವೊಂದನ್ನು ಕೊಟ್ಟಳು. ಪಂದ್ಯದ ನೋಟೀಸು. ಆರು ಸುತ್ತು, ಸ್ವಿಸ್ ಪದ್ಧತಿ, ಯಾವ ಆಟಗಾರರನ್ನೂ ನಡುವೆ ಹೊರಹಾಕುವುದಿಲ್ಲ ಎಂದು ಸ್ಪಷ್ಟವಾಗಿ ಅಚ್ಚಾಗಿತ್ತು. ಕೆಳಗೆ, ಓದಿ ಒಪ್ಪಿದ್ದೇನೆ ಎಂಬ ಸಾಲಿನ ಮೇಲೆ, ಅವನದೇ ಸಹಿ.

"ನೀನ ಸಹಿ ಮಾಡಿದಿ. ಪೇಪರ್ ಓದಾಕತ್ತಿದ್ದಿ ಆವಾಗ."

ನರಹರಿಗೆ ಮೊದಲು ಸಿಟ್ಟು ಬಂತು. ಆಮೇಲೆ ನಾಚಿಕೆ. ಅದರ ಹಿಂದೆಯೇ, ತಡೆದರೂ ನಿಲ್ಲದ ನಗು.

"ಇಷ್ಟು ಲೆಕ್ಕಾ ಹಾಕೂ ತಲಿ ಐತಿ. ಗಣಿತದಾಗ ಮೂವತ್ತೆಂಟು ಹೆಂಗ ಬಂತವಾ ನಿನಗ?"

ಅವಳು ನಗಲಿಲ್ಲ. ಬರುವ ಬಸ್ಸಿನ ಕಡೆ ನೋಡುತ್ತ ಹೇಳಿದಳು: "ಮೊದಲ್ನೇ ಲೆಕ್ಕ ತಪ್ಪಿತಪ್ಪಾ. ಔಟ್ ಆದೆ ಅನಿಸ್ತು. ಉಳದದ್ದು ಬಿಡಸಲೇ ಇಲ್ಲ."

ಬಸ್ಸು ಬಂದು ನಿಂತಿತು. ಅವನು ಬೋರ್ಡನ್ನು ಎದೆಗೆ ಅವುಚಿಕೊಂಡು, ಇನ್ನೊಂದು ಕೈಯಿಂದ ಮಗಳನ್ನು ಮೊದಲು ಹತ್ತಿಸಿದ. ಅಟ್ಟದ ಮಾತು ದಾರಿಯುದ್ದಕ್ಕೂ ಬರಲಿಲ್ಲ. ಸಿಕಂದರಾಬಾದ್ ಹತ್ತಿರವಾದಾಗ ಮಾತ್ರ ಅವನು ಮೆಲ್ಲಗೆ ಕೇಳಿದ.

"ಮನಿಗೆ ಹೋಗಿ ಆ ಎರಡನೇ ಲೆಕ್ಕ ತೋರಸ್ತೀಯೇನು?"