ಬೇಡ ಎನ್ನಲು ಒಂದು ಕಾರಣ

“ಕಾರಣ ಒಂದು ಹೇಳಿಬಿಡು, ಮಿಕ್ಕಿದ್ದು ನಾನು ನೋಡ್ಕೋತೀನಿ,” ಎನ್ನುತ್ತ ಚಿಕ್ಕಮ್ಮ ಅವಳ ಕೆಲಸದ ಕೋಣೆಗೇ ಬಂದು ಕೂತರು. ಅವಳು ಕಟ್ಟುಹಲ್ಲು ತಯಾರಿಸುವವಳು. ಮೇಜಿನ ತುಂಬ ಪ್ಲಾಸ್ಟರಿನ ದವಡೆಗಳು. ಮಷಿನ್ ನಿಲ್ಲಿಸಿ ಮಾಸ್ಕ್ ಕೆಳಗಿಳಿಸಿದಳು.

ಅವಳಿಗೆ ನೋಡಿದ್ದ ಹುಡುಗ ಚಿಕ್ಕಮ್ಮನ ಗೆಳತಿಯ ಮಗ, ಗ್ರಂಥಾಲಯದಲ್ಲಿ ಕೆಲಸ. ಗೆಳತಿಯರಿಬ್ಬರೂ ಒಂದೇ ಶಾಲೆಯಲ್ಲಿ ಇಪ್ಪತ್ತು ವರ್ಷದಿಂದ ಪಾಠ ಮಾಡುವವರು. ಸ್ಟಾಫ್ ರೂಮಿನಲ್ಲಿ ಅಕ್ಕಪಕ್ಕದ ಕುರ್ಚಿ. ಎರಡೂ ಕಡೆಯ ಬಯೋಡೇಟಾ, ಫೋಟೊ ಅತ್ತಿತ್ತ ಹೋದದ್ದು ಚಿಕ್ಕಮ್ಮನ ಫೋನಿನಿಂದಲೇ. ಅವಳದನ್ನು ಟೈಪ್ ಮಾಡಿದ್ದೂ ಅವರೇ. ‘ಹವ್ಯಾಸ’ದ ಮುಂದೆ, ಅವಳು ಜನ್ಮದಲ್ಲಿ ಮಾಡದ ಕಸೂತಿಯನ್ನು ಸೇರಿಸಿದ್ದರು. ಭಾನುವಾರ ಹುಡುಗ-ಹುಡುಗಿ ಕಾಫಿ ಕುಡಿಯುತ್ತ ಒಂದು ಗಂಟೆ ಮಾತಾಡಿದ್ದರು. ಮಾರನೆಯ ದಿನವೇ ಆ ಕಡೆಯಿಂದ ಒಪ್ಪಿಗೆ. ಈ ಕಡೆಯಿಂದ ಐದು ದಿನ ಸದ್ದಿಲ್ಲ.

“ಕೆಲಸ ಬಿಡೋಕೆ ಆಗಲ್ಲ ಅಂತ ಹೇಳಿ.”

“ಬಿಡೋದೇ ಬೇಡ ಅಂತ ಅವರೇ ಹೇಳಿದಾರಲ್ಲೇ.”

“ಇನ್ನೊಂದು ವರ್ಷ ಮದುವೆ ಬೇಡ ಅಂತ...”

“ಕಾಯ್ತೀವಿ ಅಂದ್ರೆ? ಅವಳು ಕಾಯೋ ಪೈಕೀನೇ. ಮಗನಿಗೆ ಬೇರೆ ಕಡೆ ನೋಡದೆ ಕೂತುಬಿಡ್ತಾಳೆ.”

ಹುಡುಗ ಒಳ್ಳೆಯವನೇ. ಕಸೂತಿಯ ಬಗ್ಗೆ ಕೇಳಿ, ಇವಳು ನಿಜ ಹೇಳಿದಾಗ ಮನಸಾರೆ ನಕ್ಕಿದ್ದ. ಆದರೆ ವಾಪಸ್ ಬರುವಾಗ ಬಸ್ಸಿನಲ್ಲಿ ಒಬ್ಬಳೇ ಕೂತದ್ದೇ ಅವಳಿಗೆ ಹಾಯೆನಿಸಿತ್ತು. ಅದನ್ನು ಕಾರಣ ಅನ್ನಬಹುದೇ?

“ನನಗೇ ಗೊತ್ತಾಗ್ತಿಲ್ಲ ಚಿಕ್ಕಮ್ಮ. ಅವರಲ್ಲಿ ಏನೂ ಕಮ್ಮಿ ಇಲ್ಲ. ಹೂಂ ಅನ್ನೋಕೆ ಬಾಯಿ ಬರ್ತಿಲ್ಲ ಅಷ್ಟೆ. ನಿಮ್ಮ ಮುಖ ನೋಡಿ ಒಪ್ಕೊಂಡುಬಿಡೋಣ ಅಂತಾನೂ ಅನ್ನಿಸ್ತು.”

“ನನ್ನ ಮುಖ ನೋಡ್ಕೊಂಡು ಎಷ್ಟು ವರ್ಷ ಸಂಸಾರ ಮಾಡ್ತೀಯೆ?”

“ನಾನೇ ಅವರಮ್ಮಂಗೆ ಫೋನ್ ಮಾಡಲಾ?”

“ಬೇಡ. ನಾನು ತಂದ ಸಂಬಂಧ, ನನ್ನ ಬಾಯಿಂದಲೇ ಹೋಗ್ಲಿ. ಇನ್ನೂ ಎಳೆದ್ರೆ ಅವರಿಗೆ ಅವಮಾನ.”

ಚಿಕ್ಕಮ್ಮ ಅಲ್ಲಿಂದಲೇ ಗೆಳತಿಗೆ ಫೋನ್ ಮಾಡಿದರು. “ನೋಡೇ, ನಮ್ಮ ಹುಡುಗಿಗೆ ಮನಸ್ಸು ಒಪ್ತಿಲ್ಲ. ನಿನ್ನ ಮಗನ ಬಗ್ಗೆ ಒಂದು ಕೊರತೇನೂ ಹೇಳಲಿಲ್ಲ. ಯಾಕೆ ಅಂತ ಅವಳಿಗೇ ತಿಳೀತಿಲ್ಲ. ನಿನ್ನ ಹತ್ರ ಕಥೆ ಕಟ್ಟಲಾರೆ. ನೀವು ಬೇರೆ ಕಡೆ ನೋಡಿ. ಫೋಟೊ, ಬಯೋಡೇಟಾ ಈಗಲೇ ಅಳಿಸ್ತೀವಿ.” ಆಮೇಲೆ ಬರೀ “ಹೂಂ... ಹೂಂ...”

“ಏನಂದ್ರು?”

“ಪರವಾಗಿಲ್ಲ ಅಂದ್ಲು.” ಚಿಕ್ಕಮ್ಮ ಫೋನನ್ನು ಚೀಲಕ್ಕೆ ಹಾಕಿದರು, ಮತ್ತೆ ಹೊರತೆಗೆದರು. “ಬರೋ ಸೋಮವಾರ ಶಾಲೆಗೆ ರಜೆ ಹಾಕಿದಾಳಂತೆ. ಮೊದಲು ಹೇಳಿರಲಿಲ್ಲ.”

ಅವಳು ಅವನ ಫೋಟೊ ಅಳಿಸಿದಳು. ಹಗುರಾಗಬೇಕಿತ್ತು, ಆಗಲಿಲ್ಲ.

“ನನ್ನ ಮೇಲೆ ಕೋಪಾನಾ?”

“ಇಲ್ಲ ಕಣೆ.” ಬಾಗಿಲ ಹತ್ತಿರ ನಿಂತು, “ಗೊತ್ತಿಲ್ಲ,” ಎಂದರು.

ಅವಳು ಕಿಟಕಿಯಿಂದ ನೋಡಿದಳು. ರಸ್ತೆ ಖಾಲಿಯಾದರೂ ಚಿಕ್ಕಮ್ಮ ದಾಟದೆ ನಿಂತಿದ್ದರು. ಕೂಗಲೆಂದು ಕಿಟಕಿ ತೆರೆದಳು; ಏನೆಂದು ಕೂಗುವುದೋ ತಿಳಿಯಲಿಲ್ಲ. ಅಷ್ಟರಲ್ಲಿ ಒಂದು ಲಾರಿ ಅಡ್ಡ ಬಂತು. ಅದು ಹೋದ ಮೇಲೆ ಚಿಕ್ಕಮ್ಮ ಆಚೆ ಬದಿಯಲ್ಲಿದ್ದರು; ಒಂದು ಕ್ಷಣ ನಿಂತು, ಬಸ್ ಸ್ಟಾಪಿನತ್ತ ನಡೆದರು.