ಏಳು ಸಿನಿಮಾ, ಎರಡು ಕೈ

"ಕೈ ಒಳಗೆ ಹಾಕ್ಬಿಡ್ತೀನಿ ಮೇಡಂ, ನೋಡೋರಿಗೆ ಒಂಥರಾ ಆಗುತ್ತೆ," ಎನ್ನುತ್ತ ಅಂತಿಮ ದರ್ಶನದ ಹಾಲ್‌ನ ಕೆಲಸದವನು ಅಮ್ಮನ ಎರಡೂ ಕೈಗಳನ್ನು ಬಿಳಿ ಹೊದಿಕೆಯ ಕೆಳಗೆ ತುರುಕಿದ. ಬೇಡ ಎನ್ನಬೇಕೆನಿಸಿದರೂ ಮಗಳು ತಡೆಯಲಿಲ್ಲ. ಕೊನೆಯ ಹನ್ನೆರಡು ದಿನ ಅಮ್ಮನೂ ಹಾಗೆಯೇ ಇಟ್ಟುಕೊಂಡಿದ್ದಳಲ್ಲ.

ಮೂವತ್ತೊಂದು ವರ್ಷ ಆಸ್ಪತ್ರೆಯ ಲಾಂಡ್ರಿಯಲ್ಲಿ ರಕ್ತ, ಕೀವು, ವಾಂತಿ ಮೆತ್ತಿದ ಬೆಡ್‌ಶೀಟುಗಳನ್ನು ಬ್ಲೀಚಿನಲ್ಲಿ ಅದ್ದಿ ತೆಗೆದ ಕೈಗಳು ಅವು. ಚರ್ಮ ಹುರುಪೆ ಎದ್ದಿತ್ತು, ಉಗುರು ಹಳದಿಯಾಗಿ ಸುರುಟಿತ್ತು. ಎಷ್ಟು ಸೋಪು ಹಾಕಿದರೂ ಆ ವಾಸನೆ ಹೋಗುತ್ತಿರಲಿಲ್ಲ.

"ಯಾರಿಗಂತೆ ಒಂಥರಾ ಆಗೋದು?" ಬ್ಲೀಚ್ ತೊಟ್ಟಿಯಿಂದ ಕೊನೆಗೆ ಇಸ್ತ್ರಿ ವಿಭಾಗಕ್ಕೆ ಹೋಗಿದ್ದ ಅಮ್ಮನ ಲಾಂಡ್ರಿ ಗೆಳತಿ ಕುರ್ಚಿಯಿಂದಲೇ ಗದರಿದಳು. "ಇವನು ಹುಟ್ಟಿದಾಗ ಸುತ್ತಿದ ಬಟ್ಟೇನೂ ಇವಳೇ ಒಗೆದಿರ್ತಾಳೆ, ಕೇಳಿ ನೋಡು!"

ಅಷ್ಟರಲ್ಲಿ ಹೊರಗೆ ಕಾರಿನ ಬಾಗಿಲು ಬಡಿದ ಸದ್ದಾಯಿತು. ಮಾಮ ಬಂದಿದ್ದ. ಅಮ್ಮ ಲಾಂಡ್ರಿಯ ಸಂಬಳದಲ್ಲಿ ಸಾಕಿ ಓದಿಸಿದ ಒಬ್ಬನೇ ತಮ್ಮ, ಏಳು ಸಿನಿಮಾಗಳ ದೊಡ್ಡ ನಿರ್ದೇಶಕ. ಹೂವಿನ ಹಾರವನ್ನು ಡ್ರೈವರ್ ಹೊತ್ತಿದ್ದ. ಹಿಂದೆಯೇ ಜೋಳಿಗೆ ಹಾಕಿಕೊಂಡ ಸಿನಿಮಾ ವಿಮರ್ಶಕ. ಮಾಮನ ಬಗ್ಗೆ ಪುಸ್ತಕ ಬರೆಯುತ್ತಿದ್ದವನು. ಅವನನ್ನು ನೋಡಿದ್ದೇ ಮಗಳು ಮುಖ ತಿರುಗಿಸಿದಳು. ಅವನ ಮೇಲಿನ ಸಿಟ್ಟಿಗಲ್ಲ, ಅವನ ಮಾತು ಕೇಳಿ ತಾನು ಮಾಡಿದ್ದು ನೆನಪಾಗಿ.

*

ತಿಂಗಳ ಹಿಂದೆ ಅವನು ಮನೆಗೆ ಬಂದು ಅಮ್ಮನ ಮಂಚದ ಪಕ್ಕ ಕುಳಿತಿದ್ದ.

"ಓತರ್ ಥಿಯರಿ ಅಂತ ಒಂದಿದೆ ಅಮ್ಮ. ಒಂದು ಸಿನಿಮಾಕ್ಕೆ ನೂರು ಜನ ದುಡೀತಾರೆ. ಆದ್ರೂ ಪುಸ್ತಕಕ್ಕೆ ಲೇಖಕ ಹೇಗೋ ಸಿನಿಮಾಕ್ಕೆ ನಿರ್ದೇಶಕ ಹಾಗೆ, ಅವನ ಮನಸ್ಸಿನ ಗುರುತು ಅದರಲ್ಲಿ ಇದ್ದೇ ಇರುತ್ತೆ ಅನ್ನೋ ವಾದ."

"ನನ್ನ ತಮ್ಮ ಎಲ್ಲಾದ್ರಲ್ಲೂ ನನ್ನ ಇಟ್ಟಿದ್ದಾನಪ್ಪ," ಅಮ್ಮ ಹಿಗ್ಗಿ ಹೇಳಿದಳು. "ನೀರು ಕೊಡೋ ಕೈ ಬರುತ್ತಲ್ಲ, ಅದು ನಂದೇ!" ಪ್ರತಿ ಸಿನಿಮಾವನ್ನೂ ಬಿಡುಗಡೆಯಾದಾಗ ಥಿಯೇಟರಿನಲ್ಲೇ ನೋಡಿದ್ದಳು. ಒಂದಕ್ಕೂ ಇನ್ನೊಂದಕ್ಕೂ ನಾಲ್ಕೈದು ವರ್ಷ ಅಂತರ. ಪ್ರತಿಸಲವೂ ಅದೇ ಹಿಗ್ಗು.

ಹೊರಡುವಾಗ ವಿಮರ್ಶಕ ಮಗಳ ಕೈಗೆ ಏಳೂ ಸಿನಿಮಾ ಇದ್ದ ಪೆನ್‌ಡ್ರೈವ್ ಕೊಟ್ಟ. "ಸಾಲಾಗಿ ನೋಡಿ. ಬಿಡುಗಡೆಯಾದ ಕ್ರಮದಲ್ಲಲ್ಲ, ಚಿತ್ರೀಕರಣವಾದ ಕ್ರಮದಲ್ಲಿ. ಮೂರನೇದು ರಿಲೀಸ್ ಆಗದೆ ಡಬ್ಬದಲ್ಲೇ ಕೂತು ನಾಲ್ಕನೇದರ ಆಮೇಲೆ ಬಂತು. ಪದೇಪದೇ ಬರೋದನ್ನ ಬರ್ಕೊಳ್ಳಿ. ಆಮೇಲೆ ಬೇರೆಯವರ ಪಾಲನ್ನ ಹೊಡೆದುಹಾಕಿ. ಮಾತು ಚೆನ್ನಾಗಿದ್ರೆ ಬರಹಗಾರನದಿರಬಹುದು, ಬೆಳಕು ಕ್ಯಾಮೆರಾದವನದಿರಬಹುದು. ಅವರೆಲ್ಲ ಬದಲಾದ ಮೇಲೂ ಏನು ಉಳಿಯುತ್ತೋ, ಅದು ಇವರದು. ಅದು ಹೇಗೆ ಬದಲಾಗ್ತಾ ಹೋಗುತ್ತೆ ಅನ್ನೋದನ್ನೂ ನೋಡಿ. ಒಂದೇ ಸಿನಿಮಾ ನೋಡಿದ್ರೆ ಕತೆ ಕಾಣುತ್ತೆ. ಸಾಲಾಗಿ ನೋಡಿದ್ರೆ ಮನುಷ್ಯ ಕಾಣ್ತಾನೆ."

ಒಳ್ಳೆಯದೇ ಆಯಿತು, ಅಮ್ಮನಿಗೂ ಹೊತ್ತು ಹೋಗುತ್ತದೆ ಎಂದುಕೊಂಡಳು ಮಗಳು. ದಿನಕ್ಕೊಂದರಂತೆ ಮಧ್ಯಾಹ್ನ ಹಾಕಿದಳು. ನೋಟ್‌ಬುಕ್ಕಿನಲ್ಲಿ ಗೆರೆ ಎಳೆದು ಸಿನಿಮಾಕ್ಕೊಂದು ಕಾಲಂ ಮಾಡಿದಳು.

ಮೊದಲನೆಯದರಲ್ಲಿ ನಾಯಕನಿಗೆ ನೀರು ಕೊಡುವ ಅಕ್ಕ ಇಡೀ ಮನೆ ತುಂಬ ಓಡಾಡುತ್ತಾಳೆ, ತಮಾಷೆ ಮಾಡುತ್ತಾಳೆ. "ನೋಡೇ, ನನ್ನ ಹಾಗೇ ನಗ್ತಾಳೆ," ಎಂದಳು ಅಮ್ಮ. ಎರಡನೆಯದರಲ್ಲಿ ಅವಳ ಬೆನ್ನು ಮಾತ್ರ. ಮೂರರಲ್ಲಿ ಬಾಗಿಲ ಸಂದಿಯಲ್ಲಿ ಭುಜ. ನಾಲ್ಕರಲ್ಲಿ ಫ್ರೇಮಿನ ಎಡಗಡೆಯಿಂದ ಬರೀ ಕೈ. ಆ ನಾಲ್ಕಕ್ಕೂ ನಾಲ್ವರು ಬರಹಗಾರರು, ಮೂವರು ಕ್ಯಾಮೆರಾದವರು. ಐದನೆಯದಂತೂ ನಿರ್ಮಾಪಕನ ಒತ್ತಾಯಕ್ಕೆ ಮಾಡಿದ ಹೊಡೆದಾಟದ ಸಿನಿಮಾ. ಅಲ್ಲಿ ಅಕ್ಕನಿಗೇನು ಕೆಲಸ? ಆದರೂ ಪೊಲೀಸ್ ಠಾಣೆಯಲ್ಲಿ ಒಂದು ಹೆಂಗಸಿನ ಕೈ ಲೋಟ ತಂದಿತು. ಬೇಡದ ಕಡೆಯೂ ನುಸುಳಿತು ಎಂದರೆ ಅದು ಮಾಮನದೇ.

ಆಗ ಮಗಳಿಗೆ ಇನ್ನೊಂದು ಕಂಡಿತು. ಲೋಟ ಯಾವತ್ತೂ ಕೈಯಿಂದ ಕೈಗೆ ಹೋಗುವುದಿಲ್ಲ. ಅವಳು ಮೇಜಿನ ಮೇಲೆ ಇಡಬೇಕು, ಕೈ ಹಿಂದೆ ಸರಿಯಬೇಕು, ಆಮೇಲೆ ನಾಯಕ ಎತ್ತಿಕೊಳ್ಳಬೇಕು. ಅದರ ಮುಂದಿನ ಶಾಟ್ ಯಾವಾಗಲೂ ನೀರು: ನಲ್ಲಿ, ಹೊಳೆ, ಮಳೆ. ಅವನು ಕೈ ತೊಳೆಯುತ್ತಿರುತ್ತಾನೆ. ಐದು ಕಾಲಂನಲ್ಲೂ ಅದೇ. ಥೂ!

ಅಲ್ಲಿಗೆ ನಿಲ್ಲಿಸಬೇಕಿತ್ತು. ಬುದ್ಧಿ ಬರಲಿಲ್ಲ. ಆರನೆಯದು ಹಾಕಿದಳು. ಅದರಲ್ಲಿ ಆ ಕೈಗೆ ಬಿಳಿ ಗ್ಲೌಸ್.

ಮಂಚದ ಕಡೆ ತಿರುಗಿದಾಗ ಅಮ್ಮ ನಗುತ್ತಿರಲಿಲ್ಲ. ಎರಡೂ ಕೈಗಳನ್ನು ಮೆಲ್ಲಗೆ ಹೊದಿಕೆಯೊಳಕ್ಕೆ ಎಳೆದುಕೊಳ್ಳುತ್ತಿದ್ದಳು.

"ಆರಿಸಿಬಿಡೇ, ಸಾಕು," ಎಂದಳು. ಗೋಡೆಯ ಕಡೆ ಹೊರಳಿ, "ಚಿಕ್ಕವನಿದ್ದಾಗ ನಾನು ಬಡಿಸೋಕೆ ಹೋದ್ರೆ ತಟ್ಟೆ ಹಿಂದಕ್ಕೆ ಎಳ್ಕೊಳ್ಳೋನು. ಹಸಿವಿಲ್ಲ ಅಂದ್ಕೊಂಡಿದ್ದೆ ಕಣೇ."

ಅಲ್ಲಿಂದ ಮುಂದೆ ಕೈ ಹೊರಗೆ ತೆಗೆಯಲೇ ಇಲ್ಲ. ಮಗಳು ಚಮಚದಲ್ಲಿ ತಿನ್ನಿಸಬೇಕಾಯಿತು. ಏಳನೆಯದನ್ನು ಮಗಳು ಅಡುಗೆಮನೆಯಲ್ಲಿ ಒಬ್ಬಳೇ ನೋಡಿದಳು. ಅದರಲ್ಲಿ ಕೈಯೂ ಇರಲಿಲ್ಲ. ಮೇಜು, ಒಂದು ಒದ್ದೆ ಲೋಟ, ಅಷ್ಟೇ.

*

"ಆ ನೀರು ಪಶ್ಚಾತ್ತಾಪ," ಹಾಲ್‌ನ ಮೂಲೆಯಲ್ಲಿ ವಿಮರ್ಶಕ ಪಿಸುಗುಟ್ಟಿದ. "ಅಕ್ಕನ ಋಣ ತೀರಿಸೋಕಾಗದ ಮನುಷ್ಯ ತನ್ನನ್ನೇ ತೊಳ್ಕೊಳ್ತಿದ್ದಾನೆ. ನನ್ನ ಕೊನೇ ಅಧ್ಯಾಯ ಅದೇ."

"ಅಸಹ್ಯ ಇರಬಹುದಲ್ವಾ?" ಮಗಳು ಕೇಳಿದಳು.

"ಛೆ ಛೆ! ಸರ್ ಅಂಥವರಲ್ಲ."

ಅವಳಿಗೂ ಅದೇ ಆಸೆ ಇತ್ತು ಎಂದರೆ ನಂಬುತ್ತೀರಾ? ತನ್ನ ನೋಟ್‌ಬುಕ್ ಸುಳ್ಳಾಗಲಿ, ತಾನೇ ಕೊಳಕು ಮನಸ್ಸಿನವಳೆಂದು ಆಗಲಿ. ಹಾಗಾದರೆ ಅಮ್ಮ ಸುಮ್ಮನೆ ನೊಂದು ಹೋದಳು ಎಂದಾಗುತ್ತದೆ, ನಿಜ. ಆದರೂ ಅವಳ ಅಷ್ಟು ವರ್ಷದ ಹಿಗ್ಗು ನಿಜವಾಗಿ ಉಳಿಯುತ್ತದೆ.

ಮಾಮ ಹತ್ತಿರ ಬಂದ. ಕಣ್ಣು ಕೆಂಪಾಗಿತ್ತು.

"ಅಕ್ಕ ಕೊನೇಲಿ ನನ್ನ ಸಿನಿಮಾ ಎಲ್ಲಾ ನೋಡಿದ್ಲಂತೆ. ಏನಂದ್ಲು ಪುಟ್ಟಿ? ನನಗೆ ಎರಡು ಮಾತಾಡಿ ಅಂತಿದ್ದಾರೆ, ಅದನ್ನೇ ಹೇಳ್ತೀನಿ."

ವಿಮರ್ಶಕ ಪೆನ್ನು ತೆಗೆದ. ಉಂಡ ಮನೆಯ ಗಳ ಎಣಿಸುವುದನ್ನು ಕೇಳಿದ್ದಳು. ಉಣಿಸಿದ ಕೈಯನ್ನೇ ಸಿನಿಮಾದಿಂದ ಸಿನಿಮಾಕ್ಕೆ ಕತ್ತರಿಸುತ್ತ ಬಂದು, ಈಗ ಭಾಷಣಕ್ಕೆ ಮಾತು ಬೇರೆ ಬೇಕಂತೆ!

"ಏನೂ ಅನ್ಲಿಲ್ಲ ಮಾಮ," ಎಂದಳು. ಹೊದಿಕೆ ಸರಿಸಿ ಅಮ್ಮನ ಎರಡೂ ಕೈಗಳನ್ನು ಹೊರಗೆ ತೆಗೆದು ಎದೆಯ ಮೇಲಿಟ್ಟಳು. ಕೆಲಸದವನು ಹತ್ತಿರ ಬಂದ. ಇಸ್ತ್ರಿಯ ಗೆಳತಿ ಅವನ ತೋಳು ಹಿಡಿದು ನಿಲ್ಲಿಸಿದಳು. "ಒಂದ್ಸಲ ಹಿಡ್ಕೊಳ್ಳಿ ಮಾಮ."

ಮಾಮ ನೋಡಿದ. ಹಿಡಿ, ಹಿಡಿದುಬಿಡು ಎಂದು ಮಗಳು ಒಳಗೊಳಗೇ ಅಂಗಲಾಚಿದಳು. ಅವನು ಜೇಬಿನಿಂದ ಬಿಳಿ ಕರ್ಚೀಫು ತೆಗೆದು ಕಣ್ಣೊರೆಸಿಕೊಂಡ. ಆಮೇಲೆ ಅದನ್ನು ಬಿಡಿಸಿ, ಅಮ್ಮನ ಕೈಗಳ ಮೇಲೆ ಹಾಸಿ, ಅದರ ಮೇಲಿನಿಂದ ಒಮ್ಮೆ ಒತ್ತಿದ.

"ಎಂಥ ಫ್ರೇಮು..." ಎನ್ನುತ್ತ ವಿಮರ್ಶಕ ಬರೆಯತೊಡಗಿದ.

"ಒಂದ್ನಿಮಿಷ ಬಂದೆ," ಎಂದು ಮಾಮ ಬಚ್ಚಲಿನ ಕಡೆ ನಡೆದ. ಬಾಗಿಲು ಹಾಕಿಕೊಂಡಿತು. ನಲ್ಲಿ ತಿರುಗಿದ ಸದ್ದು ಇಡೀ ಹಾಲ್‌ಗೆ ಕೇಳಿಸಿತು.

ವಿಮರ್ಶಕ ಬರೆಯುತ್ತಿದ್ದವನು ತಲೆ ಎತ್ತಿದ. ಬಾಗಿಲನ್ನೇ ನೋಡುತ್ತ ನಿಂತ.

ಇಸ್ತ್ರಿಯ ಗೆಳತಿ ಎದ್ದು ಬಂದು ಎರಡು ಬೆರಳಲ್ಲಿ ಕರ್ಚೀಫನ್ನು ಎತ್ತಿ ಕಸದ ಬುಟ್ಟಿಗೆ ಎಸೆದಳು. ಸುರುಟಿದ ಹಳದಿ ಉಗುರಿನ ತನ್ನ ಎರಡೂ ಕೈಗಳಲ್ಲಿ ಅಮ್ಮನ ಕೈಗಳನ್ನು ಎತ್ತಿಕೊಂಡಳು. ಯಾರ ಬೆರಳು ಯಾವುದೆಂದು ಮಗಳಿಗೆ ಗೊತ್ತಾಗಲಿಲ್ಲ. ಒಳಗೆ ನಲ್ಲಿ ಇನ್ನೂ ಸುರಿಯುತ್ತಲೇ ಇತ್ತು.